ರಫ್ತು ದಾಖಲೆಗಳು: ಮುಧೋಳ–ಜಮಖಂಡಿ ಸೀಮೆಯ ಬೆಲ್ಲದ ಮೊದಲ ಸರಕು

ರಫ್ತು ದಾಖಲೆಗಳು ಎಂದರೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಮಾರಿದ ಸರಕಿನ ಜೊತೆ ಸಾಗುವ, ಅದರ ಒಡೆತನ, ಬೆಲೆ, ತೂಕ ಮತ್ತು ಮೂಲವನ್ನು ಹೇಳುವ ಕಾಗದಗಳ ಕಟ್ಟು. ಭಾರತದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ (ಡಿಜಿಎಫ್‌ಟಿ) 2015ರ ಮಾರ್ಚ್‌ನಲ್ಲಿ ರಫ್ತಿಗೆ ಕಡ್ಡಾಯವಾದ ದಾಖಲೆಗಳನ್ನು ಮೂರಕ್ಕೆ ಇಳಿಸಿತು. ಅವು ಬಿಲ್ ಆಫ್ ಲೇಡಿಂಗ್ ಅಥವಾ ಅದಕ್ಕೆ ಸಮನಾದ ಸಾಗಣೆ ಪತ್ರ, ಪ್ಯಾಕಿಂಗ್ ಲಿಸ್ಟ್ ಸಮೇತ ಕಮರ್ಷಿಯಲ್ ಇನ್‌ವಾಯ್ಸ್, ಮತ್ತು ಶಿಪ್ಪಿಂಗ್ ಬಿಲ್. 2023ರ ವಿದೇಶ ವ್ಯಾಪಾರ ನೀತಿಯಲ್ಲೂ ಪಟ್ಟಿ ಇದೇ. ಉಳಿದವು ಸರಕಿನ ಜಾತಿ, ಕೊಳ್ಳುವ ದೇಶ ಮತ್ತು ಹಣ ಪಡೆಯುವ ವಿಧಾನಕ್ಕೆ ತಕ್ಕಂತೆ ಸೇರಿಕೊಳ್ಳುತ್ತವೆ.

ಈ ಮೂರನ್ನೂ ಓದುವವರು ಬೇರೆ ಬೇರೆ. ಶಿಪ್ಪಿಂಗ್ ಬಿಲ್ಲನ್ನು ಕಸ್ಟಮ್ಸ್ ಇಲಾಖೆ ಓದುತ್ತದೆ, ಬಿಲ್ ಆಫ್ ಲೇಡಿಂಗ್ ಹಡಗು ಕಂಪನಿಯದು, ಇನ್‌ವಾಯ್ಸ್ ಮಾತ್ರ ಕೊಳ್ಳುವವನಿಂದ ಬ್ಯಾಂಕಿನವರೆಗೆ ಎಲ್ಲರ ಕೈಗೂ ಹೋಗುತ್ತದೆ. ಮೂವರೂ ಒಂದೇ ಸರಕಿನ ಬಗ್ಗೆ ಓದುತ್ತಿರುವುದರಿಂದ ಹೆಸರು, ಪೆಟ್ಟಿಗೆಗಳ ಎಣಿಕೆ ಮತ್ತು ತೂಕ ಮೂರು ಕಡೆಯೂ ಒಂದೇ ಇರಬೇಕು. ಮೊದಲ ಸರಕು ಕಳಿಸುವವರಿಗೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಯಾವುದೋ ಕಾಗದ ಇಲ್ಲದ್ದರಿಂದಲ್ಲ, ಇದ್ದ ಕಾಗದಗಳು ತಾಳೆಯಾಗದ್ದರಿಂದ ಬರುತ್ತವೆ.

ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳು ಕೃಷ್ಣಾ ಮತ್ತು ಘಟಪ್ರಭಾ ನೀರಿನ ಕಬ್ಬಿನ ಸೀಮೆ. ಸಕ್ಕರೆ ಕಾರ್ಖಾನೆಗಳ ಜೊತೆಗೆ ಇಲ್ಲಿ ಬೆಲ್ಲದ ಗಾಣಗಳೂ ಉಳಿದುಕೊಂಡಿವೆ; ಮಹಾಲಿಂಗಪುರದ ಬೆಲ್ಲದ ಪೇಟೆ ಹೆಸರಾದದ್ದು. ರಬಕವಿ-ಬನಹಟ್ಟಿಯ ಮಗ್ಗದ ಸೀರೆಗಳಂತೆ ಇಲ್ಲಿನ ಬೆಲ್ಲವೂ ಬಹುಕಾಲ ಅಡತಿ ಅಂಗಡಿಗಳ ಮೂಲಕ ದೇಶದೊಳಗಿನ ಪೇಟೆಗಳಿಗೇ ಹೋದದ್ದು. ಪೇಟೆಯ ವ್ಯವಹಾರದಲ್ಲಿ ಗುಣಮಟ್ಟವನ್ನು ಕಣ್ಣಿನಿಂದ ನೋಡಿ ಒಪ್ಪುತ್ತಾರೆ, ತೂಕ ಕಾಟಾದ ಚೀಟಿಯಲ್ಲಿರುತ್ತದೆ, ಹಣ ಅಡತಿಯ ಪಟ್ಟಿಯ ಮೇಲೆ ಬರುತ್ತದೆ. ರಫ್ತಿನಲ್ಲಿ ಸರಕನ್ನು ನೋಡದವರೇ ಅದರ ಬಗ್ಗೆ ತೀರ್ಮಾನ ಮಾಡುತ್ತಾರೆ, ಆದ್ದರಿಂದ ಈ ಮೂರನ್ನೂ ಕಾಗದವೇ ಹೇಳಬೇಕಾಗುತ್ತದೆ.

ಈ ಸೀಮೆಗೆ ಕಡಲಿಲ್ಲ. ಒಂದಿಡೀ ಕಂಟೇನರ್ ತುಂಬದ ಸಣ್ಣ ಸರಕನ್ನು ಬೇರೆಯವರ ಸರಕಿನ ಜೊತೆ ಒಂದೇ ಕಂಟೇನರಿನಲ್ಲಿ ಹಾಕಿ ಕಳಿಸುತ್ತಾರೆ. ಇದಕ್ಕೆ ಎಲ್‌ಸಿಎಲ್ ಎನ್ನುತ್ತಾರೆ. ಗಲ್ಫ್ ಕಡೆಗೆ ಇಂಥ ಕಂಟೇನರುಗಳನ್ನು ಕಟ್ಟುವವರು ನವಿ ಮುಂಬಯಿಯ ನವಾ ಶೇವಾದಲ್ಲಿ ಸುಲಭವಾಗಿ ಸಿಗುವುದರಿಂದ ಕೆಳಗಿನ ಉದಾಹರಣೆ ಆ ಬಂದರನ್ನೇ ಹಿಡಿದಿದೆ. ಕಸ್ಟಮ್ಸ್‌ನ ಗಣಕದಲ್ಲಿ ಆ ಬಂದರಿನ ಸಂಕೇತ INNSA1.

ಉದಾಹರಣೆ ಹೀಗಿದೆ. ಮುಧೋಳ ತಾಲ್ಲೂಕಿನ ಒಬ್ಬ ಗಾಣದ ಮಾಲೀಕ ದುಬೈನ ಒಬ್ಬ ಕಿರಾಣಿ ಸಗಟು ವ್ಯಾಪಾರಿಗೆ 2,000 ಕಿಲೋ ಬೆಲ್ಲದ ಪುಡಿ ಮಾರುತ್ತಾನೆ ಎಂದಿಟ್ಟುಕೊಳ್ಳೋಣ. ಪ್ರತಿ ಪೌಚ್ 1 ಕಿಲೋ, ಹತ್ತು ಪೌಚಿಗೆ ಒಂದು ರಟ್ಟಿನ ಪೆಟ್ಟಿಗೆ, ಒಟ್ಟು 200 ಪೆಟ್ಟಿಗೆ. ಬೆಲೆ ಕಿಲೋಗೆ 1.20 ಡಾಲರ್, ಜಬೆಲ್ ಅಲಿ ಬಂದರಿನವರೆಗಿನ ಹಡಗು ಬಾಡಿಗೆ ಮತ್ತು ವಿಮೆ ಸೇರಿ. ಅಂಕಿಗಳು ಲೆಕ್ಕ ತೋರಿಸಲು ಕೊಟ್ಟವು, ಪೇಟೆಯ ಧಾರಣೆಯಲ್ಲ.

ಸರಕಿಗೆ ಮುಂಚಿನ ನೋಂದಣಿಗಳು

ಮೊದಲ ನೋಂದಣಿ ಆಮದು-ರಫ್ತು ಸಂಕೇತ, ಅಂದರೆ ಐಇಸಿ. ಡಿಜಿಎಫ್‌ಟಿಯ ಜಾಲತಾಣದಲ್ಲಿ 500 ರೂಪಾಯಿ ಶುಲ್ಕಕ್ಕೆ ಇದು ಸಿಗುತ್ತದೆ. 2017ರಲ್ಲಿ ಜಿಎಸ್‌ಟಿ ಬಂದಾಗಿನಿಂದ ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆಯೂ ಆಗಿದೆ. ಇದಕ್ಕೆ ಅವಧಿ ಮುಗಿಯುವುದಿಲ್ಲ, ಆದರೆ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರಗಳನ್ನು ನವೀಕರಿಸಬೇಕು ಅಥವಾ ಬದಲಾವಣೆ ಇಲ್ಲ ಎಂದು ದೃಢಪಡಿಸಬೇಕು. ಹಾಗೆ ಮಾಡದ ಸಂಕೇತ ನಿಷ್ಕ್ರಿಯವಾಗುತ್ತದೆ. ವರ್ಷದ ಹಿಂದೆ ಉತ್ಸಾಹದಿಂದ ಐಇಸಿ ಮಾಡಿಸಿಟ್ಟು ಈಗ ಮೊದಲ ಸರಕು ಕಳಿಸಲು ಹೊರಟವನಿಗೆ ಶಿಪ್ಪಿಂಗ್ ಬಿಲ್ ಹಾಕುವ ದಿನವೇ ಇದು ಗೊತ್ತಾಗುವುದುಂಟು.

ಎರಡನೆಯದು ಎಡಿ ಕೋಡ್. ವಿದೇಶಿ ವಿನಿಮಯ ನಡೆಸಲು ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಬ್ಯಾಂಕ್ ಶಾಖೆಗೆ ಇರುವ ಸಂಕೇತವಿದು. ಬ್ಯಾಂಕಿನಿಂದ ಇದರ ಪತ್ರ ಪಡೆದು, ಸರಕು ಯಾವ ಬಂದರಿನಿಂದ ಹೊರಡುತ್ತದೋ ಆ ಬಂದರಿಗೆ ಕಸ್ಟಮ್ಸ್‌ನ ICEGATE ತಾಣದಲ್ಲಿ ನೋಂದಾಯಿಸಬೇಕು. ಊರಿನ ಶಾಖೆಯಲ್ಲಿ ಖಾತೆ ಇದ್ದರೂ ವಿದೇಶಿ ವಿನಿಮಯದ ಕೆಲಸ ಬೇರೆ ಶಾಖೆಯಲ್ಲಿ ನಡೆಯುತ್ತಿರಬಹುದು, ಆಗ ಕೋಡ್ ಆ ಶಾಖೆಯದು. ಗೋವಾ ಬಂದರಿಗೆ ಮಾಡಿಸಿದ ನೋಂದಣಿಯನ್ನು ನಂಬಿ ಸರಕನ್ನು ನವಾ ಶೇವಾಕ್ಕೆ ಕಳಿಸಿದರೆ ಲಾರಿ ಬಂದರಿನ ಹೊರಗೆ ಕಾಯುತ್ತದೆ.

ಮೂರನೆಯದು ಜಿಎಸ್‌ಟಿಗೆ ಸಂಬಂಧಿಸಿದ್ದು. ಬಿಡಿ ಬೆಲ್ಲಕ್ಕೆ ತೆರಿಗೆ ಇಲ್ಲ. ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಬೆಲ್ಲಕ್ಕೆ 2022ರ ಜುಲೈ 18ರಿಂದ 5 ಪ್ರತಿಶತ ತೆರಿಗೆ ಇದೆ. ರಫ್ತು ಶೂನ್ಯ ದರದ ಪೂರೈಕೆಯಾದ್ದರಿಂದ ಈ ತೆರಿಗೆಯನ್ನು ಕಟ್ಟದೆ ಕಳಿಸಬಹುದು, ಆದರೆ ಅದಕ್ಕೆ ಮುಂಚಿತವಾಗಿ RFD-11 ನಮೂನೆಯಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆ ಕೊಡಬೇಕು. ಎಲ್‌ಯುಟಿ ಒಂದು ಆರ್ಥಿಕ ವರ್ಷಕ್ಕೆ ಮಾತ್ರ. ಮಾರ್ಚ್‌ಗೆ ಮುಗಿಯುವ ವರ್ಷದ ಮುಚ್ಚಳಿಕೆ ಏಪ್ರಿಲ್‌ನ ಇನ್‌ವಾಯ್ಸಿಗೆ ನಡೆಯುವುದಿಲ್ಲ.

ಬೆಲ್ಲ ಆಹಾರ ಪದಾರ್ಥವಾದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿಯೂ ಬೇಕು. ಬೆಲ್ಲವು ಕೃಷಿ ಮತ್ತು ಸಂಸ್ಕರಿತ ಆಹಾರ ರಫ್ತು ಅಭಿವೃದ್ಧಿ ಪ್ರಾಧಿಕಾರದ (ಅಪೆಡಾ) ಪಟ್ಟಿಯಲ್ಲಿರುವ ಉತ್ಪನ್ನವಾದ್ದರಿಂದ ಆ ಪ್ರಾಧಿಕಾರದ ಸದಸ್ಯತ್ವ ನೋಂದಣಿಯನ್ನೂ ಮಾಡಿಸುತ್ತಾರೆ.

ಸರಕಿನ ಹೆಸರು ಮತ್ತು ಎಂಟಂಕಿಯ ಸಂಕೇತ

ಪ್ರತಿ ಸರಕಿಗೂ ಎಂಟಂಕಿಯ ಸುಂಕ ಸಂಕೇತ ಇದೆ. ಅದರ ಮೊದಲ ಆರು ಅಂಕಿಗಳು ಜಗತ್ತಿಗೆಲ್ಲ ಒಂದೇ. ಕಬ್ಬಿನ ಬೆಲ್ಲ 1701ನೇ ಶೀರ್ಷಿಕೆಯ ಕೆಳಗೆ ಬರುತ್ತದೆ, ಆದರೆ ಎರಡು ಕಡೆ. ಯಂತ್ರದಲ್ಲಿ ಗಿರಗಿರ ತಿರುಗಿಸಿ ಕಾಕಂಬಿ ಬೇರ್ಪಡಿಸದೆ, ಸುಕ್ರೋಸ್ ಅಂಶ ಪೋಲಾರಿಮೀಟರಿನಲ್ಲಿ 69ರಿಂದ 93 ಡಿಗ್ರಿಯ ಒಳಗೆ ತೋರುವ ಕಬ್ಬಿನ ಸಕ್ಕರೆಗೆ 1701 13, ಅದರಲ್ಲಿ ಬೆಲ್ಲಕ್ಕೆ 1701 13 10. ಆ ಮಿತಿಗೆ ಹೊರಗಿನದಕ್ಕೆ 1701 14, ಅದರಲ್ಲಿ ಬೆಲ್ಲಕ್ಕೆ 1701 14 10. ಕೊಪ್ಪರಿಗೆಯಲ್ಲಿ ಕಾಯಿಸಿ ಇಳಿಸಿದ ಬೆಲ್ಲ ಯಾವುದಕ್ಕೆ ಸೇರುತ್ತದೆ ಎಂಬುದನ್ನು ಪ್ರಯೋಗಾಲಯದ ವರದಿ ಹೇಳಬೇಕು, ಅಂದಾಜಲ್ಲ. ಶುಂಠಿ, ಏಲಕ್ಕಿ ಬೆರೆಸಿದರೆ ಸರಕು ಪರಿಮಳ ಸೇರಿಸಿದ ಸಕ್ಕರೆಯ 1701 91ರ ಕಡೆಗೆ ಸರಿಯಬಹುದು. ಹೀಗಾಗಿ ಸಾದಾ ಬೆಲ್ಲ ಮತ್ತು ಶುಂಠಿ ಬೆಲ್ಲ ಎರಡನ್ನೂ ಕಳಿಸುವವನು ಇನ್‌ವಾಯ್ಸಿನಲ್ಲಿ ಅವನ್ನು ಎರಡು ಸಾಲುಗಳಲ್ಲಿ ಬರೆಯಬೇಕು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಕ್ಕರೆಯ ರಫ್ತನ್ನು ಕೇಂದ್ರ ಸರ್ಕಾರ 2022ರ ಜೂನ್ 1ರಿಂದ ನಿರ್ಬಂಧಿತ ವರ್ಗಕ್ಕೆ ಸೇರಿಸಿತು. ಕಚ್ಚಾ, ಬಿಳಿ ಮತ್ತು ಸಂಸ್ಕರಿತ ಸಕ್ಕರೆಯನ್ನು ಅನುಮತಿ ಇಲ್ಲದೆ ಕಳಿಸುವಂತಿಲ್ಲ. ನಿರ್ಬಂಧವನ್ನು ಮುಂದೆ ವಿಸ್ತರಿಸಲಾಯಿತು. ಬೆಲ್ಲಕ್ಕೆ ಆ ನಿರ್ಬಂಧ ತಾಗಲಿಲ್ಲ. ಆದರೆ ಎರಡೂ ಒಂದೇ ಶೀರ್ಷಿಕೆಯ ಕೆಳಗಿವೆ, ಪುಡಿ ಬೆಲ್ಲ ಕಣ್ಣಿಗೆ ಕಂದು ಸಕ್ಕರೆಯಂತೆಯೇ ಕಾಣುತ್ತದೆ. ವಿದೇಶದ ಕೊಳ್ಳುವವನು ತನ್ನ ಗಿರಾಕಿಗಳಿಗೆ ಅರ್ಥವಾಗಲಿ ಎಂದು ‘ಬ್ರೌನ್ ಶುಗರ್’ ಎಂದು ಬರೆಯಲು ಹೇಳುತ್ತಾನೆ. ಇನ್‌ವಾಯ್ಸಿನಲ್ಲಿ ಹಾಗೆ ಬರೆದರೆ ಸರಕು ತಡೆಯಲ್ಪಡುತ್ತದೆ, ಮಾದರಿ ತೆಗೆದು ಪರೀಕ್ಷೆಗೆ ಕಳಿಸಬಹುದು. ಇನ್‌ವಾಯ್ಸಿನಲ್ಲೂ ಶಿಪ್ಪಿಂಗ್ ಬಿಲ್ಲಿನಲ್ಲೂ ‘ಕೇನ್ ಜ್ಯಾಗರಿ ಪೌಡರ್’ ಎಂದೇ ಇರಬೇಕು, ಪೌಚಿನ ಮೇಲಿನ ಮುದ್ರಣವೂ ಅದಕ್ಕೆ ಹೊಂದಬೇಕು.

ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟ್

ಮೊದಲು ಪ್ರೊಫಾರ್ಮಾ ಇನ್‌ವಾಯ್ಸ್ ಹೋಗುತ್ತದೆ. ಅದು ಬೆಲೆ ಹೇಳುವ ಪತ್ರ ಮಾತ್ರ. ಕೊಳ್ಳುವವನು ಒಪ್ಪಿದ ಮೇಲೆ ಕಮರ್ಷಿಯಲ್ ಇನ್‌ವಾಯ್ಸ್ ಆಗುತ್ತದೆ. ಅದರಲ್ಲಿ ಬೆಲೆಯ ಜೊತೆ ವ್ಯಾಪಾರದ ಷರತ್ತನ್ನು, ಅಂದರೆ ಇನ್‌ಕೋಟರ್ಮ್ಸ್‌ನ ಅಕ್ಷರಗಳನ್ನು ಬರೆಯಬೇಕು. ಎಫ್‌ಒಬಿ ಎಂದರೆ ಸರಕನ್ನು ಹಡಗಿಗೆ ಏರಿಸುವವರೆಗಿನ ಖರ್ಚು ಮಾರುವವನದು. ಸಿಐಎಫ್ ಎಂದರೆ ಅದರ ಮೇಲೆ ಹಡಗು ಬಾಡಿಗೆ ಮತ್ತು ವಿಮೆಯನ್ನೂ ಅವನೇ ಕಟ್ಟುತ್ತಾನೆ.

ನಮ್ಮ ಉದಾಹರಣೆಯ ಸಿಐಎಫ್ ಬೆಲೆ 2,400 ಡಾಲರ್. ಬಾಡಿಗೆ 160 ಡಾಲರ್, ವಿಮೆ 10 ಡಾಲರ್ ಎಂದಾದರೆ ಎಫ್‌ಒಬಿ ಬೆಲೆ 2,230 ಡಾಲರ್. ಈ ವಿಂಗಡಣೆ ಇನ್‌ವಾಯ್ಸಿನ ಕೆಳಭಾಗದಲ್ಲಿ ಸ್ಪಷ್ಟವಾಗಿರಬೇಕು. ಶಿಪ್ಪಿಂಗ್ ಬಿಲ್ಲಿನಲ್ಲಿ ಸರಕಿನ ಮೌಲ್ಯವಾಗಿ ನಮೂದಾಗುವುದು ಎಫ್‌ಒಬಿ, ಪ್ರೋತ್ಸಾಹಧನದ ಲೆಕ್ಕವೂ ಅದರ ಮೇಲೆಯೇ. ಕಸ್ಟಮ್ಸ್ ಆಗ ಪ್ರಕಟಿಸಿರುವ ವಿನಿಮಯ ದರ ಡಾಲರಿಗೆ 85 ರೂಪಾಯಿ ಎಂದಿದ್ದರೆ ಅದು 1,89,550 ರೂಪಾಯಿ ಆಗುತ್ತದೆ. ಬಾಡಿಗೆ-ವಿಮೆ ಕಳೆಯದೆ 2,400 ಡಾಲರನ್ನೇ ಎಫ್‌ಒಬಿ ಎಂದು ಹಾಕಿದರೆ ಸರಕಿನ ಬೆಲೆ ಹೆಚ್ಚು ತೋರಿಸಿದಂತಾಗುತ್ತದೆ. ವಿಮೆಯ ಮೊತ್ತವನ್ನು ರೂಢಿಯಂತೆ ಸಿಐಎಫ್ ಬೆಲೆಯ ಶೇ 110ಕ್ಕೆ ಮಾಡಿಸುತ್ತಾರೆ, ಇಲ್ಲಿ 2,640 ಡಾಲರಿಗೆ.

ಎಲ್‌ಯುಟಿಯ ಮೇಲೆ ಕಳಿಸುವಾಗ, ತೆರಿಗೆ ಕಟ್ಟದೆ ಮುಚ್ಚಳಿಕೆಯ ಆಧಾರದ ಮೇಲೆ ಮಾಡಿದ ರಫ್ತು ಪೂರೈಕೆ ಎಂಬ ಒಕ್ಕಣೆಯನ್ನು ಜಿಎಸ್‌ಟಿ ನಿಯಮ 46 ಹೇಳಿದಂತೆ ಇನ್‌ವಾಯ್ಸಿನ ಮೇಲೆ ಬರೆಯಬೇಕು. ಜಿಎಸ್‌ಟಿಗೆ ಒಂದು ಸಂಖ್ಯೆಯ ಬಿಲ್ಲು, ಕಸ್ಟಮ್ಸ್‌ಗೆ ಇನ್ನೊಂದು ಸಂಖ್ಯೆಯ ಬಿಲ್ಲು ಮಾಡುವ ಅಭ್ಯಾಸ ಹಲವರಿಗಿದೆ. ಮುಂದೆ ಜಿಎಸ್‌ಟಿ ಮರುಪಾವತಿ ಕೇಳುವಾಗ ಎರಡು ಗಣಕಗಳೂ ಇನ್‌ವಾಯ್ಸ್ ಸಂಖ್ಯೆಯನ್ನೇ ಹಿಡಿದು ತಾಳೆ ನೋಡುವುದರಿಂದ ಎರಡಕ್ಕೂ ಒಂದೇ ಸಂಖ್ಯೆ, ಒಂದೇ ತಾರೀಕು ಇಟ್ಟುಕೊಳ್ಳುವುದು ಕ್ಷೇಮ.

ಪ್ಯಾಕಿಂಗ್ ಲಿಸ್ಟಿನಲ್ಲಿ ಬೆಲೆ ಇರುವುದಿಲ್ಲ. ಪೆಟ್ಟಿಗೆ, ತೂಕ, ಅಳತೆ ಇರುತ್ತವೆ. ಬೆಲ್ಲದ ನಿವ್ವಳ ತೂಕ 2,000 ಕಿಲೋ. ಪೌಚು ಮತ್ತು ರಟ್ಟು ಸೇರಿ ಪ್ರತಿ ಪೆಟ್ಟಿಗೆ 10.8 ಕಿಲೋ ತೂಗಿದರೆ ಒಟ್ಟು ತೂಕ 2,160 ಕಿಲೋ. ಪೆಟ್ಟಿಗೆಯ ಅಳತೆ 40, 25 ಮತ್ತು 20 ಸೆಂಟಿಮೀಟರ್ ಆದರೆ ಒಂದರ ಗಾತ್ರ 0.02 ಘನ ಮೀಟರ್, 200ಕ್ಕೆ 4 ಘನ ಮೀಟರ್. ಎಲ್‌ಸಿಎಲ್ ಬಾಡಿಗೆಯನ್ನು ಘನ ಮೀಟರ್ ಅಥವಾ ಟನ್ನು, ಯಾವುದು ಹೆಚ್ಚೋ ಅದರ ಮೇಲೆ ಹಾಕುತ್ತಾರೆ. ಇಲ್ಲಿ ತೂಕ 2.16 ಟನ್, ಗಾತ್ರ 4 ಘನ ಮೀಟರ್. ಬಾಡಿಗೆ ಬೀಳುವುದು 4ಕ್ಕೆ. ಅಡತಿಯ ವ್ಯವಹಾರದಲ್ಲಿ ತೂಕವನ್ನೇ ನೋಡಿ ರೂಢಿಯಾದವರು ದೊಡ್ಡ ಪೆಟ್ಟಿಗೆಯಲ್ಲಿ ಖಾಲಿ ಜಾಗ ಬಿಟ್ಟು ಕಟ್ಟಿದರೆ ಗಾಳಿಗೂ ಬಾಡಿಗೆ ಕಟ್ಟಿದಂತೆ.

ಮುಧೋಳದಿಂದ ಹೊರಟ ಲಾರಿ ರಾಜ್ಯದ ಗಡಿ ದಾಟುವುದರಿಂದ, ಸರಕಿನ ಬೆಲೆ 50,000 ರೂಪಾಯಿ ಮೀರಿದಾಗ ಇ-ವೇ ಬಿಲ್ ಬೇಕು. ಅದರಲ್ಲೂ ಇದೇ ಇನ್‌ವಾಯ್ಸ್ ಸಂಖ್ಯೆ ಇರುತ್ತದೆ.

ಶಿಪ್ಪಿಂಗ್ ಬಿಲ್

1962ರ ಕಸ್ಟಮ್ಸ್ ಕಾಯ್ದೆಯ 50ನೇ ಕಲಮಿನಂತೆ ರಫ್ತುದಾರನು ಸಲ್ಲಿಸುವ ಘೋಷಣೆಯೇ ಶಿಪ್ಪಿಂಗ್ ಬಿಲ್. ಸಾಮಾನ್ಯವಾಗಿ ಇದನ್ನು ಪರವಾನಗಿ ಪಡೆದ ಕಸ್ಟಮ್ಸ್ ಬ್ರೋಕರ್ ಸಲ್ಲಿಸುತ್ತಾನೆ. ಬಂದರಿನಲ್ಲಿ ಇವರನ್ನು ಸಿಎಚ್‌ಎ ಎಂದೇ ಕರೆಯುತ್ತಾರೆ. ಸಲ್ಲಿಸುವ ಮುನ್ನ ಸಿಎಚ್‌ಎ ಒಂದು ಚೆಕ್‌ಲಿಸ್ಟ್ ಕಳಿಸುತ್ತಾನೆ. ಶಿಪ್ಪಿಂಗ್ ಬಿಲ್ಲಿನಲ್ಲಿ ಹೋಗಲಿರುವ ಪ್ರತಿ ವಿವರವೂ ಅದರಲ್ಲಿ ಇರುತ್ತದೆ. ಮೊದಲ ಸಲದವರು ವಾಟ್ಸಾಪ್‌ನಲ್ಲಿ ಬಂದ ಈ ಹಾಳೆಗೆ ನೋಡದೆ ‘ಓಕೆ’ ಎಂದು ಉತ್ತರಿಸುವುದೇ ಹೆಚ್ಚು. ಬಿಲ್ಲಿನಲ್ಲಿ ತಪ್ಪಿದ್ದರೆ ಹೊಣೆ ರಫ್ತುದಾರನದು, ತಪ್ಪನ್ನು ಖರ್ಚಿಲ್ಲದೆ ತಿದ್ದಲು ಸಾಧ್ಯವಿರುವ ಕೊನೆಯ ಹಂತವೂ ಇದೇ.

ಚೆಕ್‌ಲಿಸ್ಟಿನಲ್ಲಿ ಐದು ಕಡೆ ಕಣ್ಣಿಡಬೇಕು. ಜಿಎಸ್‌ಟಿ ಸಂಖ್ಯೆ ಮತ್ತು ಇನ್‌ವಾಯ್ಸ್ ಸಂಖ್ಯೆ ಅಕ್ಷರಶಃ ಸರಿಯಿರಬೇಕು. ಎಡಿ ಕೋಡ್ ತನ್ನ ಬ್ಯಾಂಕಿನದೇ ಎಂದು ನೋಡಬೇಕು. ಸರಕಿನ ಹೆಸರು ಮತ್ತು ಎಂಟಂಕಿಯ ಸಂಕೇತ ಒಂದಕ್ಕೊಂದು ಹೊಂದಬೇಕು. ನಾಲ್ಕನೆಯದು ಮೂಲ ರಾಜ್ಯ ಮತ್ತು ಮೂಲ ಜಿಲ್ಲೆಯ ಕಾಲಂ. 2020ರ ಫೆಬ್ರುವರಿ 15ರಿಂದ ಇದು ಕಡ್ಡಾಯವಾಗಿದೆ; ಸರಕು ಹುಟ್ಟಿದ ಜಿಲ್ಲೆ ಬಾಗಲಕೋಟೆ ಎಂದಿರಬೇಕು. ಸಿಎಚ್‌ಎ ಕಚೇರಿಯಲ್ಲಿ ರೂಢಿಯಂತೆ ಬಂದರಿನ ಜಿಲ್ಲೆಯನ್ನೇ ಹಾಕಿಬಿಟ್ಟರೆ ಮುಧೋಳದ ಬೆಲ್ಲ ಮಹಾರಾಷ್ಟ್ರದ ರಫ್ತಾಗಿ ಲೆಕ್ಕಕ್ಕೆ ಹೋಗುತ್ತದೆ.

ಐದನೆಯದು ರೊಡ್‌ಟೆಪ್ ಘೋಷಣೆ. ರಫ್ತು ಸರಕಿನ ಬೆಲೆಯಲ್ಲಿ ಸೇರಿಹೋಗಿರುವ, ಬೇರೆ ದಾರಿಯಲ್ಲಿ ಹಿಂದಿರುಗದ ಡೀಸೆಲ್, ವಿದ್ಯುತ್ ಮುಂತಾದವುಗಳ ತೆರಿಗೆ-ಸುಂಕವನ್ನು ಮರಳಿಸುವ ಈ ಯೋಜನೆ 2021ರ ಜನವರಿ 1ರಿಂದ ಜಾರಿಗೆ ಬಂತು. ತನ್ನ ಎಂಟಂಕಿಯ ಸಂಕೇತಕ್ಕೆ ಆಗ ದರ ಇದೆಯೇ ಎಂದು ನೋಡಿಕೊಂಡು, ಬೇಕೆಂದರೆ ಶಿಪ್ಪಿಂಗ್ ಬಿಲ್ಲಿನಲ್ಲಿ RODTEPY ಎಂದು ಘೋಷಿಸಬೇಕು. ಬೇಡ ಎಂದು ಹೋದ ಬಿಲ್ಲಿಗೆ ಆಮೇಲೆ ಹಣ ಕೇಳುವುದು ಕಷ್ಟ.

ಬಿಲ್ ಸಲ್ಲಿಕೆಯಾದ ಮೇಲೆ ಗಣಕದ ಅಪಾಯ ನಿರ್ವಹಣಾ ವ್ಯವಸ್ಥೆ ಸರಕನ್ನು ನೇರ ಬಿಡಬೇಕೋ, ಕಾಗದ ನೋಡಬೇಕೋ, ಪೆಟ್ಟಿಗೆ ತೆರೆಯಬೇಕೋ ಎಂದು ತೀರ್ಮಾನಿಸುತ್ತದೆ. ಸರಕು ಬಂದರಿನ ಹತ್ತಿರದ ಕಂಟೇನರ್ ಸರಕು ನಿಲ್ದಾಣಕ್ಕೆ, ಅಂದರೆ ಸಿಎಫ್‌ಎಸ್‌ಗೆ, ಇಳಿಯುತ್ತದೆ. ಅಲ್ಲಿ ಎಣಿಕೆ ಮತ್ತು ತೂಕ ನಮೂದಾಗುತ್ತವೆ. ಎಲ್ಲ ಸರಿಯಿದ್ದರೆ ಅಧಿಕಾರಿ 51ನೇ ಕಲಮಿನಂತೆ ‘ಲೆಟ್ ಎಕ್ಸ್‌ಪೋರ್ಟ್’ ಆದೇಶ ಕೊಡುತ್ತಾರೆ. ಅಲ್ಲಿಂದಾಚೆಗೆ ಮಾತ್ರ ಸರಕನ್ನು ಕಂಟೇನರಿಗೆ ತುಂಬಬಹುದು.

ತೂಕ ತಾಳೆಯಾಗದಾಗ

ನಮ್ಮ 200 ಪೆಟ್ಟಿಗೆಗಳನ್ನು ಬಿಡಿಯಾಗಿ ಕಳಿಸಬೇಡ, ನಾಲ್ಕು ಮರದ ಪ್ಯಾಲೆಟ್‌ಗಳ ಮೇಲೆ ಕಟ್ಟಿ ಕಳಿಸು ಎಂದು ಕೊಳ್ಳುವವನು ಕೊನೆಯ ವಾರ ಹೇಳಿದ ಎಂದುಕೊಳ್ಳೋಣ. ಗಾಣದವನು ಹಾಗೆ ಮಾಡಿಸಿದ, ಆದರೆ ಪ್ಯಾಕಿಂಗ್ ಲಿಸ್ಟ್ ಬದಲಿಸಲಿಲ್ಲ. ಪ್ಯಾಲೆಟ್ ಒಂದಕ್ಕೆ 25 ಕಿಲೋ, ನಾಲ್ಕಕ್ಕೆ 100 ಕಿಲೋ. ಸಿಎಫ್‌ಎಸ್ ಕಾಟಾದಲ್ಲಿ ತೂಕ 2,260 ಕಿಲೋ ಬಂತು, ಕಾಗದದಲ್ಲಿ 2,160. ಎಣಿಕೆಯೂ ಬೇರೆಯಾಯಿತು: ಕಾಗದದಲ್ಲಿ 200 ಪೆಟ್ಟಿಗೆ, ನಿಲ್ದಾಣದ ಚೀಟಿಯಲ್ಲಿ 4 ಪ್ಯಾಲೆಟ್.

ನೂರು ಕಿಲೋ ಹೆಚ್ಚು ಬೆಲ್ಲ ಹಾಕಿದ್ದಾರೆಯೇ ಎಂಬುದು ಅಧಿಕಾರಿಯ ಸಹಜ ಪ್ರಶ್ನೆ. ಲೆಟ್ ಎಕ್ಸ್‌ಪೋರ್ಟ್ ಆದೇಶಕ್ಕೆ ಮುಂಚೆ ಆದರೆ ಪ್ಯಾಕಿಂಗ್ ಲಿಸ್ಟನ್ನು ‘4 ಪ್ಯಾಲೆಟ್, ಅವುಗಳಲ್ಲಿ 200 ಪೆಟ್ಟಿಗೆ; ನಿವ್ವಳ 2,000, ಒಟ್ಟು 2,260 ಕಿಲೋ’ ಎಂದು ಬದಲಿಸಿ ಶಿಪ್ಪಿಂಗ್ ಬಿಲ್ಲಿಗೆ ತಿದ್ದುಪಡಿ ಕೇಳಿದರೆ ಮುಗಿಯಿತು. ಸರಕು ಹೋದ ಮೇಲಾದರೆ 149ನೇ ಕಲಮಿನಂತೆ ಅರ್ಜಿ ಹಾಕಬೇಕು, ರಫ್ತಿನ ಸಮಯದಲ್ಲೇ ಇದ್ದ ದಾಖಲೆಯನ್ನು ಪುರಾವೆಯಾಗಿ ತೋರಿಸಬೇಕು. ಆಮೇಲೆ ಬರೆದ ವಿವರಣೆ ಪುರಾವೆಯಾಗುವುದಿಲ್ಲ. ಹೊರಡುವ ದಿನ ಊರಿನ ಕಾಟಾದಲ್ಲಿ ಲಾರಿ ತೂಗಿಸಿ ಚೀಟಿ ಇಟ್ಟುಕೊಳ್ಳಬೇಕೆನ್ನುವುದು ಇದಕ್ಕೇ.

ಪ್ಯಾಲೆಟ್ ಇನ್ನೊಂದು ಕಾಗದವನ್ನೂ ಎಳೆದು ತರುತ್ತದೆ. ಮರದೊಳಗಿನ ಹುಳು ದೇಶ ದಾಟಬಾರದೆಂದು ಐಎಸ್‌ಪಿಎಂ-15 ಎಂಬ ಅಂತರರಾಷ್ಟ್ರೀಯ ನಿಯಮದಂತೆ ಮರವನ್ನು ಕಾಯಿಸಿ ಅಥವಾ ಹೊಗೆ ಹಾಕಿ ಸಂಸ್ಕರಿಸಿ, ಅದರ ಮುದ್ರೆಯನ್ನು ಪ್ಯಾಲೆಟ್ ಮೇಲೆ ಒತ್ತಿರಬೇಕು. ಊರಿನ ಬಡಿಗನಿಂದ ಮಾಡಿಸಿದ ಪ್ಯಾಲೆಟ್‌ಗೆ ಆ ಮುದ್ರೆ ಇರುವುದಿಲ್ಲ.

ಬಿಲ್ ಆಫ್ ಲೇಡಿಂಗ್

ಹಡಗಿನವರು ಸರಕು ಪಡೆದದ್ದಕ್ಕೆ ಕೊಡುವ ರಸೀದಿ, ಸಾಗಿಸುವ ಕರಾರಿನ ಸಾಕ್ಷಿ ಮತ್ತು ಸರಕಿನ ಹಕ್ಕುಪತ್ರ: ಬಿಲ್ ಆಫ್ ಲೇಡಿಂಗ್ ಈ ಮೂರೂ ಹೌದು. ಮೂರನೆಯ ಗುಣದಿಂದಲೇ ಅದಕ್ಕೆ ಬೆಲೆ. ಮೂಲ ಪ್ರತಿ ಒಪ್ಪಿಸಿದವನಿಗೇ ಸರಕು ಸಿಗುತ್ತದೆ. ಸಾಮಾನ್ಯವಾಗಿ ಮೂರು ಮೂಲ ಪ್ರತಿಗಳನ್ನು ಕೊಡುತ್ತಾರೆ, ಒಂದನ್ನು ತೋರಿಸಿ ಸರಕು ಬಿಡಿಸಿಕೊಂಡರೆ ಉಳಿದವು ನಿರರ್ಥಕ. ಹಾಗಾಗಿ ಹಣ ಬರುವ ಮೊದಲು ‘ತುರ್ತಿದೆ’ ಎಂದು ಕೊಳ್ಳುವವನಿಗೆ ನೇರವಾಗಿ ಒಂದು ಪ್ರತಿ ಕೊರಿಯರ್ ಮಾಡುವುದು ಸರಕನ್ನೇ ಕೊಟ್ಟಂತೆ.

ಎಲ್‌ಸಿಎಲ್ ಸರಕಿನಲ್ಲಿ ಎರಡು ಬಿಲ್ಲುಗಳಿರುತ್ತವೆ. ಹಡಗು ಕಂಪನಿ ಇಡೀ ಕಂಟೇನರಿಗೆ ಮಾಸ್ಟರ್ ಬಿಲ್ಲನ್ನು ಕಂಟೇನರ್ ಕಟ್ಟಿದ ಏಜೆಂಟನ ಹೆಸರಿಗೆ ಕೊಡುತ್ತದೆ. ಆ ಏಜೆಂಟ್ ಪ್ರತಿ ರಫ್ತುದಾರನಿಗೂ ಹೌಸ್ ಬಿಲ್ ಕೊಡುತ್ತಾನೆ. ನಮ್ಮ ಗಾಣದವನ ಕೈಗೆ ಬರುವುದು ಹೌಸ್ ಬಿಲ್. ಕರಡು ಬಂದಾಗ ಮಾಲು ಪಡೆಯುವವನ ಹೆಸರು, 4 ಪ್ಯಾಲೆಟ್, 2,260 ಕಿಲೋ, ಮತ್ತು ಸಿಐಎಫ್ ವ್ಯವಹಾರವಾದ್ದರಿಂದ ‘ಫ್ರೈಟ್ ಪ್ರೀಪೇಯ್ಡ್’ ಎಂಬ ಮಾತು ಇವೆಯೇ ಎಂದು ನೋಡಬೇಕು. ಅದರ ಮೇಲಿನ ‘ಶಿಪ್ಡ್ ಆನ್ ಬೋರ್ಡ್’ ತಾರೀಕೇ ಸರಕು ಹೊರಟ ದಿನ ಎಂದು ಬ್ಯಾಂಕು ಹಿಡಿಯುತ್ತದೆ.

ಹಡಗಿನ ಕಂಪನಿ ರಫ್ತು ಪಟ್ಟಿಯನ್ನು, ಅಂದರೆ ಇಜಿಎಂ ಅನ್ನು, ಕಸ್ಟಮ್ಸ್‌ಗೆ ಸಲ್ಲಿಸಬೇಕು. ಅದರಲ್ಲಿ ನಮ್ಮ ಶಿಪ್ಪಿಂಗ್ ಬಿಲ್ ಸಂಖ್ಯೆ ಬರದಿದ್ದರೆ ಸರಕು ದುಬೈ ತಲುಪಿದ್ದರೂ ಗಣಕದ ಲೆಕ್ಕದಲ್ಲಿ ಹೋಗೇ ಇಲ್ಲ. ರೊಡ್‌ಟೆಪ್ ಹಣ ಬಾರದಿದ್ದಾಗ ICEGATE ತಾಣದಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಕೊಳ್ಳುವ ದೇಶದ ಕಾಗದಗಳು

ಭಾರತ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್ ನಡುವಿನ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಅದರಂತೆ ಸುಂಕದ ರಿಯಾಯಿತಿ ಬೇಕಾದರೆ ಆದ್ಯತಾ ಮೂಲ ಪ್ರಮಾಣಪತ್ರ ಬೇಕು. ಡಿಜಿಎಫ್‌ಟಿಯ ಗಣಕ ವ್ಯವಸ್ಥೆಯಲ್ಲಿ ಅರ್ಜಿ ಹಾಕಿ ಪಡೆಯಬೇಕು. ತನ್ನ ಸಂಕೇತಕ್ಕೆ ಒಪ್ಪಂದದಲ್ಲಿ ರಿಯಾಯಿತಿ ಎಷ್ಟಿದೆ ಎಂದು ಸುಂಕದ ಅನುಸೂಚಿಯಲ್ಲಿ ಮೊದಲು ನೋಡಬೇಕು. ಮೂಲದ ಪುರಾವೆ ಬೆಲ್ಲಕ್ಕೆ ಕಷ್ಟವಲ್ಲ. ಕಬ್ಬು ಇಲ್ಲಿಯದೇ, ಕಾಯಿಸಿದ್ದೂ ಇಲ್ಲಿಯೇ, ಹೀಗಾಗಿ ಸರಕು ಪೂರ್ತಿ ಈ ದೇಶದಲ್ಲೇ ಪಡೆದದ್ದಾಗುತ್ತದೆ. ಕಬ್ಬು ಕೊಂಡ ರಸೀದಿ, ಗಾಣದ ಉತ್ಪಾದನಾ ಪುಸ್ತಕ ಇಟ್ಟಿರಬೇಕು. ರಿಯಾಯಿತಿ ಬೇಡದವರಿಗೆ ಆದ್ಯತೆಯಿಲ್ಲದ ಮೂಲ ಪ್ರಮಾಣಪತ್ರವೂ ಇದೆ. ಅದು ಸರಕು ಭಾರತದ್ದು ಎಂದಷ್ಟೇ ಹೇಳುತ್ತದೆ. ಸುಂಕ ಇಳಿಸಲು ಅದು ನಡೆಯುವುದಿಲ್ಲ.

ಆಹಾರಕ್ಕೆ ಅಲ್ಲಿನ ಲೇಬಲ್ ನಿಯಮ ಬೇರೆ. ಅರಬ್ಬೀ ಭಾಷೆಯ ವಿವರ, ತಯಾರಿಕೆ ಮತ್ತು ಅವಧಿಯ ತಾರೀಕು ಪೌಚಿನ ಮೇಲಿರಬೇಕು. ಆರೋಗ್ಯ ಪ್ರಮಾಣಪತ್ರ, ಪ್ರಯೋಗಾಲಯದ ವರದಿ ಬೇಕೇ ಎಂದು ಕೊಳ್ಳುವವನಿಂದ ಬರಹದಲ್ಲಿ ಕೇಳಿಕೊಳ್ಳಬೇಕು, ಅದೂ ಪೌಚು ಮುದ್ರಿಸುವ ಮೊದಲು. ಬೆಲ್ಲದ ಬಣ್ಣ ತಿಳಿಯಾಗಿಸಲು ಗಾಣದಲ್ಲಿ ಹೈಡ್ರೋಸ್ ಹಾಕುವ ರೂಢಿ ಇರುವ ಕಡೆ ಗಂಧಕದ ಅಂಶವೇ ವರದಿಯಲ್ಲಿ ಸಿಕ್ಕಿಬೀಳುವ ಸಾಲು.

ಬ್ಯಾಂಕು ಮತ್ತು ಹಣ

ಸರಕು ಹೊರಟ 21 ದಿನಗಳ ಒಳಗೆ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್ ಮತ್ತು ಬಿಲ್ ಆಫ್ ಲೇಡಿಂಗ್ ಬ್ಯಾಂಕಿಗೆ ತಲುಪಬೇಕೆಂಬುದು ಫೆಮಾ ಕಾಯ್ದೆಯ ಅಡಿಯ 2015ರ ರಫ್ತು ನಿಯಮಗಳ ಷರತ್ತು. ಹಣ ಬರಬೇಕಾದ ಗಡುವು 9 ತಿಂಗಳಿತ್ತು. ರಿಸರ್ವ್ ಬ್ಯಾಂಕ್ 2025ರ ನವೆಂಬರ್‌ನಲ್ಲಿ ಅದನ್ನು 15 ತಿಂಗಳಿಗೆ ಹೆಚ್ಚಿಸಿತು. ಮುಂಗಡ ಹಣ ಪಡೆದಿದ್ದರೂ ಕಾಗದ ಕೊಡುವುದು ತಪ್ಪುವುದಿಲ್ಲ.

ಪೂರ್ತಿ ಮುಂಗಡ ಕೊಡಲು ಹೊಸ ಕೊಳ್ಳುವವನು ಒಪ್ಪದಿದ್ದಾಗ ಮಧ್ಯದ ದಾರಿ ಎಂದರೆ ಹಣ ಕೊಟ್ಟರೆ ಕಾಗದ ಎಂಬ ಡಿ/ಪಿ ಪದ್ಧತಿ. ಮೂಲ ಬಿಲ್ ಆಫ್ ಲೇಡಿಂಗ್ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುತ್ತದೆ, ದುಬೈನ ಬ್ಯಾಂಕು 2,400 ಡಾಲರ್ ಪಡೆದೇ ಅದನ್ನು ಬಿಡುತ್ತದೆ. ಆದರೆ ಕೊಳ್ಳುವವನು ಬೇಡವೆಂದರೆ ಸರಕು ಅಲ್ಲೇ ಉಳಿದು ಬಂದರಿನ ಬಾಡಿಗೆ ಏರತೊಡಗುತ್ತದೆ. ಆ ಅಪಾಯವನ್ನು ಈ ಪದ್ಧತಿ ತೆಗೆಯುವುದಿಲ್ಲ. ಮೊದಲ ವ್ಯವಹಾರದಲ್ಲಿ ಕನಿಷ್ಠ ಹೋಗಿಬರುವ ಬಾಡಿಗೆಯಷ್ಟನ್ನಾದರೂ ಮುಂಗಡ ಪಡೆಯುವುದು ಇದಕ್ಕಾಗಿ.

ಶಿಪ್ಪಿಂಗ್ ಬಿಲ್ಲಿನ ವಿವರ ಕಸ್ಟಮ್ಸ್‌ನಿಂದ ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್ ಎಂಬ ಗಣಕಕ್ಕೆ ತಾನಾಗಿ ಹೋಗುತ್ತದೆ. ಅಲ್ಲಿ 2,400 ಡಾಲರ್ ಬಾಕಿ ಎಂದು ನಿಂತಿರುತ್ತದೆ. ನಡುವಿನ ಬ್ಯಾಂಕುಗಳು 25 ಡಾಲರ್ ಕಡಿದು 2,375 ಬಂದರೆ, ಉಳಿದದ್ದು ಬ್ಯಾಂಕ್ ಶುಲ್ಕವೆಂದು ರಫ್ತುದಾರ ತನ್ನ ಬ್ಯಾಂಕಿಗೆ ಬರೆದು ಕೊಟ್ಟು ಬಿಲ್ಲನ್ನು ಮುಚ್ಚಿಸಬೇಕು. ಹಣ ಖಾತೆಗೆ ಬಂತೆಂದು ಸುಮ್ಮನಿದ್ದರೆ ಬಿಲ್ ತೆರೆದೇ ಉಳಿಯುತ್ತದೆ, ಮುಂದಿನ ರಫ್ತಿಗೆ ಅಡ್ಡಿಯಾಗುತ್ತದೆ. ಬಿಲ್ ಮುಚ್ಚಿದ ಮೇಲೆ ಡಿಜಿಎಫ್‌ಟಿ ತಾಣದಲ್ಲಿ ಇ-ಬಿಆರ್‌ಸಿ, ಅಂದರೆ ವಿದೇಶಿ ಹಣ ಬಂದ ಪ್ರಮಾಣಪತ್ರವನ್ನು ಮಾಡಿಕೊಳ್ಳಬಹುದು.

ನಮ್ಮ ಉದಾಹರಣೆಯ ಕಟ್ಟಿನಲ್ಲಿ ಕೊನೆಗೆ ಇರಬೇಕಾದವು ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್, ಹೌಸ್ ಬಿಲ್ ಆಫ್ ಲೇಡಿಂಗ್, ವಿಮಾ ಪತ್ರ, ಮೂಲ ಪ್ರಮಾಣಪತ್ರ, ಪ್ರಯೋಗಾಲಯದ ವರದಿ ಮತ್ತು ಇ-ಬಿಆರ್‌ಸಿ. ಇವುಗಳಲ್ಲಿ ರಫ್ತುದಾರ ತಾನೇ ಬರೆಯುವುದು ಮೊದಲ ಎರಡನ್ನು ಮಾತ್ರ. ಉಳಿದವರೆಲ್ಲ ಅವನ್ನೇ ನೋಡಿ ಬರೆಯುತ್ತಾರೆ. ಲಾರಿ ಊರು ಬಿಡುವ ಮುನ್ನ ಆ ಎರಡು ಹಾಳೆಗಳನ್ನು ಕಟ್ಟಿದ ಸರಕಿನ ಎದುರು ಇಟ್ಟು, ಎಣಿಸಿ, ತೂಗಿ ಒಪ್ಪ ಮಾಡಿಕೊಂಡವನಿಗೆ ಬಂದರಿನಲ್ಲಿ ತಿದ್ದಿಸುವ ಕೆಲಸ ತೀರ ಕಡಿಮೆ ಉಳಿಯುತ್ತದೆ.